ಫಾರಂ, ವಂತಿಗೆ, ಕೊನೆಯ ದಿನ

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಪ್ರತಿ ತರಗತಿಗೂ ಸಾಮಾನ್ಯವಾಗಿ ಒಬ್ಬ ಕ್ಲಾಸ್ ರೆಪ್ ಇರುತ್ತಾರೆ. ಸಂಬಳವಿಲ್ಲ, ಅಧಿಕಾರವೂ ಇಲ್ಲ. ಮೂವತ್ತು ಮಕ್ಕಳ ಅಪ್ಪ ಅಮ್ಮಂದಿರು ಇರುವ ಒಂದು ವಾಟ್ಸಾಪ್ ಗುಂಪು, ಶಾಲೆಯ ಆಫೀಸಿನಿಂದ ಬಂದ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸುವ ಹೊಣೆ, ಇಷ್ಟೇ. ಲಂಡನ್ನಿನ ಹ್ಯಾರೋ, ಹೌನ್ಸ್‌ಲೋ ಕಡೆ ಈ ಕೆಲಸಕ್ಕೆ ಕೈ ಎತ್ತುವವರಲ್ಲಿ ನಮ್ಮ ಕನ್ನಡದ ತಾಯಂದಿರೂ ಇದ್ದಾರೆ. ನಾನೂ ಹಾಗೆ ಕೈ ಎತ್ತಿದವಳೇ. ವರ್ಷದುದ್ದಕ್ಕೂ ಹೋಗುವ ಸಂದೇಶಗಳಲ್ಲಿ ಹೆಚ್ಚು ಗೊಂದಲ ಎಬ್ಬಿಸುವುದು ಒಂದೇ: ಪ್ರವಾಸದ ಫಾರಂ, ಅದರ ಹಣ, ಅದರ ಕೊನೆಯ ದಿನ.

ಇಂಥ ಸಂದೇಶವನ್ನು ನೀವೂ ನೋಡಿರುತ್ತೀರಿ. ‘ಟ್ರಿಪ್ಪಿನ ಫಾರಂ ಮತ್ತು 19 ಪೌಂಡ್ ಶುಕ್ರವಾರದೊಳಗೆ ಕೊಡಿ, ಇನ್ನೂ ಏಳು ಜನ ಬಾಕಿ ಇದ್ದಾರೆ.’ ಓದಲು ಸರಳವಾಗಿದೆ, ಚುಟುಕಾಗಿದೆ. ಆದರೆ ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ಜನಕ್ಕೆ ಬೇಕಾದ ಮೂರು ಸಂಗತಿಗಳನ್ನು ಅದು ಒಂದೇ ಗಂಟಿಗೆ ಕಟ್ಟಿಬಿಡುತ್ತದೆ. ಗಂಟನ್ನು ಬಿಚ್ಚಿ ನೋಡಿದರೆ ಯಾವುದು ಕಡ್ಡಾಯ, ಯಾವುದು ಕಡ್ಡಾಯವಲ್ಲ ಎಂಬುದು ತಿಳಿಯುತ್ತದೆ.

ಮೊದಲು ಹಣದ ವಿಚಾರ. ಊರಿನಲ್ಲಿ ನಾವು ಓದುವಾಗ ಶಾಲೆಯ ಪ್ರವಾಸವೆಂದರೆ ದುಡ್ಡು ಕೊಟ್ಟವರು ಬಸ್ಸು ಹತ್ತುತ್ತಿದ್ದರು, ಕೊಡದವರು ಮನೆಯಲ್ಲಿ ಉಳಿಯುತ್ತಿದ್ದರು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತಿದ್ದರು. ಆ ರೂಢಿಯಲ್ಲಿ ಬೆಳೆದ ನಮಗೆ ಇಲ್ಲಿನ 19 ಪೌಂಡ್ ಕೂಡ ಶುಲ್ಕವೆಂದೇ ಕಾಣುತ್ತದೆ. ಆದರೆ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ, ಶಾಲೆಯ ವೇಳೆಯಲ್ಲಿ ಪಾಠದ ಭಾಗವಾಗಿ ನಡೆಯುವ ಪ್ರವಾಸಕ್ಕೆ ಶುಲ್ಕ ವಿಧಿಸುವಂತಿಲ್ಲ. 1996ರ ಶಿಕ್ಷಣ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಕಾಡೆಮಿ ಶಾಲೆಗಳು ಸರ್ಕಾರದೊಂದಿಗಿನ ತಮ್ಮ ಒಪ್ಪಂದದ ಮೂಲಕ ಇದೇ ನಿಯಮಕ್ಕೆ ಬರುತ್ತವೆ. ಖಾಸಗಿ ಶಾಲೆಗಳ ಲೆಕ್ಕ ಬೇರೆ. ಶಾಲೆ ಕೇಳಬಹುದಾದದ್ದು ವಂತಿಗೆಯನ್ನು ಮಾತ್ರ. ಅದನ್ನು ಕೇಳುವಾಗಲೇ, ಇದು ಪೋಷಕರ ಇಚ್ಛೆಗೆ ಬಿಟ್ಟದ್ದು, ಕೊಡದವರ ಮಗುವನ್ನು ಬೇರೆಯಾಗಿ ನೋಡುವುದಿಲ್ಲ ಎಂದು ತಿಳಿಸಬೇಕು. ಸಾಕಷ್ಟು ಹಣ ಸೇರದಿದ್ದರೆ ಪ್ರವಾಸ ರದ್ದಾಗಬಹುದು ಎಂದಾದರೆ ಅದನ್ನೂ ಮೊದಲೇ ಹೇಳಬೇಕು. ರದ್ದಾದರೆ ಎಲ್ಲ ಮಕ್ಕಳಿಗೂ ರದ್ದು. ಕೊಡದವರ ಮಗುವನ್ನು ಮಾತ್ರ ಬಿಟ್ಟುಹೋಗುವ ಮಾತಿಲ್ಲ.

ಒಂದು ಉದಾಹರಣೆಯ ಲೆಕ್ಕ ಮಾಡಿ ನೋಡೋಣ. ನಾಲ್ಕನೇ ವರ್ಷದ ಮೂವತ್ತು ಮಕ್ಕಳು ರೋಮನ್ನರ ಪಾಠಕ್ಕಾಗಿ ಸೇಂಟ್ ಆಲ್ಬನ್ಸ್‌ನ ವೆರುಲೇಮಿಯಂ ಮ್ಯೂಸಿಯಂಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಕೋಚ್ ಬಾಡಿಗೆ 420 ಪೌಂಡ್, ಅಲ್ಲಿನ ಖರ್ಚು ಮಗುವಿಗೆ 5 ಪೌಂಡಿನಂತೆ 150. ಒಟ್ಟು 570 ಪೌಂಡನ್ನು ಮೂವತ್ತರಿಂದ ಭಾಗಿಸಿದರೆ 19 ಬರುತ್ತದೆ. ಇಪ್ಪತ್ನಾಲ್ಕು ಮನೆಯವರು ಕಟ್ಟಿದರೆ 456 ಪೌಂಡ್ ಸೇರಿ 114 ಪೌಂಡ್ ಕೊರತೆ ಬೀಳುತ್ತದೆ. ಅಷ್ಟನ್ನು ಶಾಲೆಯ ನಿಧಿಯಿಂದಲೋ, ಪೋಷಕರ ಸಂಘ ಕೇಕ್ ಮಾರಿ ಕೂಡಿಸಿದ ಹಣದಿಂದಲೋ ತುಂಬುವುದು ಸಾಧ್ಯ. ಹದಿನೆಂಟು ಮನೆಯವರು ಮಾತ್ರ ಕಟ್ಟಿದರೆ ಕೊರತೆ 228ಕ್ಕೆ ಏರುತ್ತದೆ. ಆಗ ಮುಖ್ಯೋಪಾಧ್ಯಾಯರು ಪ್ರವಾಸ ಬೇಕೇ ಬೇಡವೇ ಎಂದು ಯೋಚಿಸಬೇಕಾಗುತ್ತದೆ. ಈ ಖರ್ಚಿನ ದೊಡ್ಡ ಪಾಲು ಕೋಚಿನದು, ಮತ್ತು ಇಪ್ಪತ್ತನಾಲ್ಕು ಮಕ್ಕಳು ಹತ್ತಿದರೂ ಮೂವತ್ತು ಮಕ್ಕಳು ಹತ್ತಿದರೂ ಕೋಚಿನ ಬಾಡಿಗೆ ಅಷ್ಟೇ. ಹಾಗಾಗಿ ಹಣ ಕೊಡಲಾಗದವರು ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಶಾಲೆಗೆ ಉಳಿಯುವುದು ಐದು ಪೌಂಡ್ ಮಾತ್ರ, ಮಗುವಿಗೆ ಮಾತ್ರ ಇಡೀ ದಿನದ ಪಾಠ ತಪ್ಪುತ್ತದೆ. ಸಂಕೋಚದಿಂದ ‘ಅವನಿಗೆ ಮೈ ಸರಿಯಿಲ್ಲ’ ಎಂದು ಆ ದಿನ ರಜೆ ಹಾಕಿಸುವ ಮನೆಗಳು ಈ ಲೆಕ್ಕವನ್ನು ತಿಳಿದಿರಬೇಕು.

ರಾತ್ರಿ ತಂಗುವ ಪ್ರವಾಸದ ನಿಯಮ ಬೇರೆ. ಅಲ್ಲಿ ಊಟ ಮತ್ತು ವಸತಿಯ ನಿಜವಾದ ಖರ್ಚನ್ನು ಶಾಲೆ ಶುಲ್ಕವಾಗಿಯೇ ಕೇಳಬಹುದು. ಯೂನಿವರ್ಸಲ್ ಕ್ರೆಡಿಟ್‌ನಂಥ ಕೆಲವು ನೆರವು ಪಡೆಯುವ ಕುಟುಂಬಗಳಿಗೆ ಅದರಿಂದ ವಿನಾಯಿತಿ ಇದೆ. ಆದರೆ ಕೆಲಸದ ವೀಸಾದ ಮೇಲೆ ಬಂದ ನಮ್ಮ ಬಹಳಷ್ಟು ಮನೆಗಳಿಗೆ ಆ ನೆರವುಗಳನ್ನು ಪಡೆಯುವ ಹಕ್ಕೇ ಇರುವುದಿಲ್ಲ. ಕೆಲಸ ಹೋದ ತಿಂಗಳಲ್ಲೇ ಇಂಥ ಫಾರಂ ಬಂದರೆ ವಿನಾಯಿತಿ ತಾನಾಗಿ ಬರುತ್ತದೆ ಎಂದು ಕಾಯಬಾರದು. ಪ್ರತಿ ಶಾಲೆಯೂ ಶುಲ್ಕ ಮತ್ತು ವಿನಾಯಿತಿಯ ನೀತಿಯನ್ನು ಬರೆದಿಟ್ಟುಕೊಂಡಿರಬೇಕು. ಆಫೀಸಿನಲ್ಲಿ ಅದನ್ನು ಕೇಳಿ, ಮುಖ್ಯೋಪಾಧ್ಯಾಯರ ಬಳಿ ಖಾಸಗಿಯಾಗಿ ಮಾತಾಡಿ, ಕಂತಿನಲ್ಲಿ ಕಟ್ಟಬಹುದೇ ಎಂದು ವಿಚಾರಿಸಬೇಕು.

ಇನ್ನು ಫಾರಂ. ಶಾಲೆಯ ವೇಳೆಯಲ್ಲಿ ನಡೆಯುವ ಬಹುತೇಕ ಪ್ರವಾಸಗಳಿಗೆ ಪ್ರತಿ ಸಲವೂ ಲಿಖಿತ ಒಪ್ಪಿಗೆ ಬೇಕಾಗಿಲ್ಲ ಎಂದು ಶಿಕ್ಷಣ ಇಲಾಖೆಯೇ ಹೇಳುತ್ತದೆ. ಆದರೂ ಶಾಲೆಗಳು ಫಾರಂ ಕೇಳುತ್ತವೆ, ಏಕೆಂದರೆ ಅವರಿಗೆ ಸಹಿಗಿಂತ ಅದರಲ್ಲಿನ ಮಾಹಿತಿ ಮುಖ್ಯ. ಪ್ರವಾಸದ ದಿನ ಟೀಚರ್ ಕೈಯಲ್ಲಿ ಆ ಹಾಳೆ ಇರುತ್ತದೆ. ಹಣ ಕಟ್ಟದವರು ಫಾರಂ ಕೂಡ ಕೊಡದೆ ಸುಮ್ಮನಿದ್ದುಬಿಡುವುದು ಈ ಇಡೀ ವ್ಯವಹಾರದಲ್ಲಿ ಆಗುವ ದೊಡ್ಡ ಎಡವಟ್ಟು. ಕೆಲವು ಶಾಲೆಗಳ ಆನ್‌ಲೈನ್ ಪಾವತಿ ತಾಣದಲ್ಲಿ ಒಪ್ಪಿಗೆಯ ಗುರುತೂ ಹಣದ ಗುಂಡಿಯೂ ಒಂದೇ ಪುಟದಲ್ಲಿರುವುದರಿಂದ, ಹಣ ಕಟ್ಟದೆ ಒಪ್ಪಿಗೆ ಕೊಡಲು ಬರುವುದೇ ಇಲ್ಲವೇನೋ ಅನ್ನಿಸುತ್ತದೆ. ಹಾಗಿದ್ದರೆ ಆಫೀಸಿಗೆ ಎರಡು ಸಾಲಿನ ಇಮೇಲ್ ಸಾಕು.

ಫಾರಂ ತುಂಬುವಾಗ ನಮ್ಮವರು ಎಡವುವ ಜಾಗ ಊಟದ್ದು. ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಇಲ್ಲಿನ ಅಡುಗೆಮನೆ ಮೊಟ್ಟೆಯ ಸ್ಯಾಂಡ್‌ವಿಚ್ ಕಟ್ಟಿಕೊಡಬಹುದು, ಅದು ಅವರ ತಪ್ಪಲ್ಲ. ಮೊಟ್ಟೆ ತಿನ್ನುವುದಿಲ್ಲ, ಮೀನು ತಿನ್ನುವುದಿಲ್ಲ, ಜೆಲಟಿನ್ ಇರುವ ಮಿಠಾಯಿ ಬೇಡ ಎಂದು ಬಿಡಿಸಿ ಬರೆಯಬೇಕು. ಇದಕ್ಕಿಂತ ಗಂಭೀರವಾದದ್ದು, ಗಟ್ಟಿಯಾಗಿ ಹೇಳಿದರೆ ಕೇಳುತ್ತಾರೆ ಎಂದು ಮೊಟ್ಟೆಯನ್ನು ಅಲರ್ಜಿಯ ಕಾಲಂನಲ್ಲಿ ಬರೆಯುವುದು. ಅಲರ್ಜಿ ಎಂದರೆ ಶಾಲೆಗೆ ಔಷಧಿ ಏನು, ಇಂಜೆಕ್ಷನ್ ಪೆನ್ ಇದೆಯೇ, ವೈದ್ಯರ ಸೂಚನೆ ಎಲ್ಲಿ ಎಂಬ ಪ್ರಶ್ನೆಗಳ ಸಾಲು. ಪದ್ಧತಿಯಿಂದ ತಿನ್ನದಿರುವುದನ್ನು ಆಹಾರದ ಕಾಲಂನಲ್ಲೂ, ತಿಂದರೆ ಅಪಾಯವಾಗುವುದನ್ನು ಅಲರ್ಜಿಯ ಕಾಲಂನಲ್ಲೂ ಬರೆದರೆ ನಿಜವಾದ ಅಲರ್ಜಿಯಿರುವ ಮಗುವಿನ ಮೇಲೆ ಟೀಚರ ಗಮನ ನಿಲ್ಲುತ್ತದೆ.

ತುರ್ತು ಸಂಪರ್ಕದ ಸಂಖ್ಯೆಯೂ ಹಾಗೆಯೇ. ಅಪ್ಪ ಅಮ್ಮ ಇಬ್ಬರೂ ಮೆಟ್ರೊಪಾಲಿಟನ್ ಲೈನ್ ಹಿಡಿದು ಸಿಟಿಯ ಆಫೀಸಿಗೆ ಹೋಗುವ ಮನೆಗಳಲ್ಲಿ ಇಬ್ಬರ ಫೋನೂ ಒಮ್ಮೊಮ್ಮೆ ಸಿಗುವುದಿಲ್ಲ. ಎರಡನೆಯ ಹೆಸರಿನ ಜಾಗದಲ್ಲಿ ಮೈಸೂರಿನ ಅಜ್ಜಿಯ ನಂಬರ್ ಬರೆದರೆ ಪ್ರೀತಿಯೇನೋ ಸರಿ, ಆದರೆ ಮಧ್ಯಾಹ್ನ ಎರಡಕ್ಕೆ ಜ್ವರ ಬಂದ ಮಗುವನ್ನು ಕರೆದುಕೊಂಡು ಹೋಗಲು ಅಜ್ಜಿ ಬರಲಾರರು. ಶಾಲೆಯ ಹತ್ತಿರವೇ ಇರುವ, ಹಗಲು ಮನೆಯಲ್ಲಿರುವ ಒಬ್ಬರನ್ನು ಮೊದಲೇ ಕೇಳಿ ಅವರ ಹೆಸರು ಕೊಡಬೇಕು.

ಕೊನೆಯ ದಿನ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾದರೆ ಅದರ ಮೇಲಿನ ಸಿಟ್ಟು ಇಳಿಯುತ್ತದೆ. ಕೋಚಿನವರಿಗೆ ಖಚಿತಪಡಿಸಬೇಕು, ಮ್ಯೂಸಿಯಂಗೆ ಮಕ್ಕಳ ಸಂಖ್ಯೆ ಹೇಳಬೇಕು, ಉಚಿತ ಊಟದ ಹಕ್ಕಿರುವ ಮಕ್ಕಳಿಗೆ ಶಾಲೆಯ ಅಡುಗೆಮನೆ ಊಟದ ಪೊಟ್ಟಣ ಕಟ್ಟಬೇಕು, ಜೊತೆಗೆ ಹೋಗುವ ದೊಡ್ಡವರು ಎಷ್ಟು ಎಂದು ನಿರ್ಧರಿಸಬೇಕು. ಇವೆಲ್ಲ ಕೂಡಿದ ಮೇಲೆ ಪ್ರವಾಸ ಹೊರಡುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ದಿನವೇ ನಮಗೆ ಕೊನೆಯ ದಿನವಾಗಿ ಬರುತ್ತದೆ. ಹಾಫ್ ಟರ್ಮ್ ರಜೆ ಮುಗಿದ ಮೊದಲ ಸೋಮವಾರಕ್ಕೆ ಇಟ್ಟ ಗಡುವು ಬಹುಪಾಲು ವ್ಯರ್ಥ. ಆ ವಾರ ಫಾರಂ ಬ್ಯಾಗಿನ ತಳ ಸೇರಿರುತ್ತದೆ. ರಜೆಗೆ ಮುಂಚಿನ ಶುಕ್ರವಾರವೇ ಒಳ್ಳೆಯದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಲಾಸ್ ರೆಪ್ ಕಳಿಸುವ ಸಂದೇಶ ಹೀಗಿದ್ದರೆ ಸಾಕು:

‘ನಾಲ್ಕನೇ ವರ್ಷದ ಪೋಷಕರಿಗೆ. ಜೂನ್ 18, ಗುರುವಾರ ವೆರುಲೇಮಿಯಂ ಪ್ರವಾಸ.
ಫಾರಂ: ಮೇ 22, ಶುಕ್ರವಾರ ಮಧ್ಯಾಹ್ನ 3ರೊಳಗೆ ಎಲ್ಲರೂ ಆಫೀಸಿಗೆ ಕೊಡಿ, ಹಣ ಕಟ್ಟಿದ್ದರೂ ಕಟ್ಟದಿದ್ದರೂ.
ವಂತಿಗೆ: ಶಾಲೆ 19 ಪೌಂಡ್ ಕೋರಿದೆ. ಇದು ನಿಮ್ಮ ಇಚ್ಛೆಗೆ ಬಿಟ್ಟದ್ದು, ಕೊಡದಿದ್ದ ಕಾರಣಕ್ಕೆ ಯಾವ ಮಗುವನ್ನೂ ಬಿಡುವುದಿಲ್ಲ. ಸಾಕಷ್ಟು ಸೇರದಿದ್ದರೆ ಪ್ರವಾಸ ರದ್ದಾಗಬಹುದು. ತೊಂದರೆಯಿದ್ದರೆ ಆಫೀಸಿನಲ್ಲಿ ಮಾತಾಡಿ, ನನಗೆ ತಿಳಿಸಬೇಕಿಲ್ಲ.
ಊಟ: ಶಾಲೆಯ ಪೊಟ್ಟಣ ಬೇಕಿದ್ದರೆ ಫಾರಂನಲ್ಲೇ ಗುರುತು ಹಾಕಿ.
ಮಗುವಿನ ಆರೋಗ್ಯದ ವಿಷಯ ಈ ಗುಂಪಿನಲ್ಲಿ ಬರೆಯಬೇಡಿ.’

ಮೇ 21ರ ಗುರುವಾರ ಸಂಜೆ ಇನ್ನೊಂದು ಸಲ, ಎಲ್ಲರಿಗೂ ಸೇರಿ, ‘ನಾಳೆ ಮೂರು ಗಂಟೆಗೆ ಫಾರಂ ಕೊನೆ’ ಎಂದು ನೆನಪಿಸಿದರೆ ಕೆಲಸ ಮುಗಿಯಿತು. ಕೊಡದಿರುವವರನ್ನು ಹುಡುಕಿ ಫೋನ್ ಮಾಡುವುದು ಆಫೀಸಿನ ಕೆಲಸ.

ಹೊಸದಾಗಿ ಬಂದ ದಾವಣಗೆರೆಯ ತಾಯಿಯೊಬ್ಬಳು ಗೇಟಿನ ಬಳಿ ಸಿಕ್ಕಾಗ ಕೇಳಿದ್ದಳು: “ಅಕ್ಕ, ಎಲ್ಲರೂ ಕಟ್ಟಿದ್ದಾರಾ? ನಾವೊಬ್ಬರೇ ಬಾಕಿನಾ?”

“ನನಗೆ ಗೊತ್ತಿಲ್ಲಮ್ಮ. ಗೊತ್ತಾಗಲೂಬಾರದು. ಆ ಪಟ್ಟಿ ಆಫೀಸಿನಲ್ಲಷ್ಟೇ ಇರುತ್ತೆ.”

“ಮತ್ತೆ ಟೀಚರ್ ಏನಂದ್ಕೋತಾರೆ?”

“ಫಾರಂ ಬಂತಾ ಅಂತ ನೋಡ್ತಾರೆ. ಅದನ್ನ ಮೊದಲು ಕೊಟ್ಟುಬಿಡು.”

‘ಏಳು ಜನ ಬಾಕಿ’ ಎಂಬ ಸಾಲು ಈ ಕಾರಣಕ್ಕೇ ಕ್ಲಾಸ್ ಗುಂಪಿಗೆ ಹೊಂದುವುದಿಲ್ಲ. ಮೂವತ್ತು ಮನೆಗಳ ಗುಂಪಿನಲ್ಲಿ ಏಳು ಯಾರು ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ಕನ್ನಡ ಸಂಘಗಳಲ್ಲಿ ಪಳಗಿದವರು ಈ ಕೆಲಸಕ್ಕೆ ಬಂದಾಗ ಒಂದು ರೂಢಿ ಜೊತೆಗೇ ಬಂದಿರುತ್ತದೆ. ಯುಗಾದಿ ಊಟಕ್ಕೆ, ರಾಜ್ಯೋತ್ಸವದ ಸಭಾಂಗಣಕ್ಕೆ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ನಾವು ಬಹಿರಂಗವಾಗಿ ಓದುತ್ತೇವೆ, ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಹೆಸರನ್ನು ಅಚ್ಚು ಹಾಕಿಸುತ್ತೇವೆ. ದೊಡ್ಡವರು ಮನಸಾರೆ ಕೊಟ್ಟದ್ದಕ್ಕೆ ಅದು ಸಲ್ಲಬೇಕಾದ ಗೌರವ. ಶಾಲೆಯ ವಂತಿಗೆಯಲ್ಲಿ ಕೊಟ್ಟವರ ಹೆಸರು ಹೇಳಿದರೆ ಕೊಡದವರ ಮಗುವಿನ ಹೆಸರನ್ನೂ ಹೇಳಿದಂತಾಗುತ್ತದೆ. ಸಂಘದಲ್ಲಿ ಖಜಾಂಚಿಯಾಗಿದ್ದವರು ಕ್ಲಾಸ್ ರೆಪ್ ಆದ ದಿನ ಆ ಪಟ್ಟಿಯನ್ನು ಸಂಘದಲ್ಲೇ ಬಿಟ್ಟುಬರಬೇಕು.