ಒಂದೇ ಲೆಕ್ಕ, ಎರಡು ಪ್ರಶ್ನೆ

ಬೀಳಗಿ ತಾಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ಅಲ್ಲಿ ಕೆಲವರ ಹೊಲಕ್ಕೆ ಹೊಳೆಯ ನೀರು, ಕೆಲವರದಕ್ಕೆ ಬೋರ್‌ವೆಲ್ ನೀರು ಎಂದಿಟ್ಟುಕೊಳ್ಳೋಣ. ನೀರಿಗೂ ಬೆಳೆಗೂ ಸಂಬಂಧ ಇದೆಯೇ ಎಂದು ತಿಳಿಯಲು ಎರಡು ದಾರಿಗಳಿವೆ. ಇಡೀ ಊರಿನ ಪಟ್ಟಿಯಿಂದ 200 ಮನೆಗಳನ್ನು ಚೀಟಿ ಎತ್ತಿ ಆರಿಸಿ, ನೀರು ಯಾವುದು, ಮುಖ್ಯ ಬೆಳೆ ಯಾವುದು ಎಂದು ಎರಡನ್ನೂ ಕೇಳಬಹುದು. ಇಲ್ಲವೇ ಹೊಳೆ ನೀರಿನವರಲ್ಲಿ 100, ಬೋರ್‌ನವರಲ್ಲಿ 100 ಮನೆಗಳನ್ನು ಬೇರೆ ಬೇರೆಯಾಗಿ ಆರಿಸಿ, ಬೆಳೆಯನ್ನಷ್ಟೇ ಕೇಳಬಹುದು.

ಮೊದಲನೆಯದು ಸ್ವಾತಂತ್ರ್ಯದ ಪರೀಕ್ಷೆ: ಒಂದೇ ಜನಸಮೂಹದೊಳಗೆ ಎರಡು ಗುಣಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇವೆಯೇ? ಎರಡನೆಯದು ಏಕರೂಪತೆಯ ಪರೀಕ್ಷೆ: ಎರಡು ಗುಂಪುಗಳಲ್ಲಿ ಬೆಳೆಗಳ ಹಂಚಿಕೆ ಒಂದೇ ತೆರನೇ? ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್ ಅಳತೆಯೇ ಎರಡಕ್ಕೂ ಸಲ್ಲುತ್ತದೆ. ಬೇರೆಯಾಗುವುದು ಉತ್ತರದ ಅರ್ಥ.

ಎರಡನೆಯ ದಾರಿ ಹಿಡಿದೆವು ಎನ್ನೋಣ. ಅಂಕಿಗಳು ಲೆಕ್ಕ ತೋರಿಸಲು ಕಲ್ಪಿಸಿದವು. ಹೊಳೆ ನೀರಿನ 100 ಮನೆಗಳಲ್ಲಿ ಕಬ್ಬು 52, ಗೋವಿನಜೋಳ 27, ಬಿಳಿಜೋಳ 21. ಬೋರ್‌ನವರಲ್ಲಿ ಅದೇ ಕ್ರಮದಲ್ಲಿ 24, 31, 45. ಗುಂಪುಗಳಲ್ಲಿ ಭೇದವೇ ಇಲ್ಲದಿದ್ದರೆ ಎರಡೂ ಕಡೆ 38, 29, 33 ಇರಬೇಕಿತ್ತು. ಪ್ರತಿ ಅಂಕಣದಲ್ಲಿ ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿದರೆ 19.3 ಬರುತ್ತದೆ. ಶೇಕಡಾ 5ರ ಮಟ್ಟದ ಗಡಿ 5.99. ಆದ್ದರಿಂದ ಹಂಚಿಕೆ ಒಂದೇ ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಭೇದ ಎಲ್ಲಿದೆ ಎಂದು 19.3 ಹೇಳುವುದಿಲ್ಲ. ಅದಕ್ಕೆ ಪ್ರಮಾಣೀಕೃತ ಶೇಷ ಬೇಕು. ಪ್ರತಿ ಅಂಕಣದ ವ್ಯತ್ಯಾಸವನ್ನು ಅದರ ಸಹಜ ಏರಿಳಿತದಿಂದ ಭಾಗಿಸಿದಾಗ, ಹೊಳೆ ನೀರಿನ ಗುಂಪಿನಲ್ಲಿ ಕಬ್ಬಿಗೆ +4.1, ಗೋವಿನಜೋಳಕ್ಕೆ −0.6, ಬಿಳಿಜೋಳಕ್ಕೆ −3.6 ಬರುತ್ತದೆ. ಸುಮಾರು 2ನ್ನು ದಾಟಿದ್ದನ್ನು ಗಮನಿಸುವುದು ರೂಢಿ. ಗೋವಿನಜೋಳದ ಪಾಲು ಎರಡೂ ಕಡೆ ಹೆಚ್ಚೂಕಡಿಮೆ ಒಂದೇ. ಭೇದವಿರುವುದು ಕಬ್ಬು ಮತ್ತು ಬಿಳಿಜೋಳದಲ್ಲಿ.

ಸಂಬಂಧ ಎಷ್ಟು ಬಲವಾದದ್ದು ಎಂಬುದು ಮತ್ತೊಂದು ಪ್ರಶ್ನೆ. ಮನೆಗಳನ್ನು ಹತ್ತುಪಟ್ಟು ಮಾಡಿ, ಪಾಲುಗಳನ್ನು ಹಾಗೆಯೇ ಇಟ್ಟರೆ ಕೈ-ಸ್ಕ್ವೇರ್ 193 ಆಗುತ್ತದೆ. ಸಂಬಂಧ ಮಾತ್ರ ಮೊದಲಿದ್ದಷ್ಟೇ. ಹರಾಲ್ಡ್ ಕ್ರೇಮರ್ ಕೊಟ್ಟ 'ವಿ' ಎಂಬ ಅಳತೆ ಇದನ್ನು ಸರಿಪಡಿಸುತ್ತದೆ. ನಮ್ಮ ಕೋಷ್ಟಕದಲ್ಲಿ ಗುಂಪುಗಳು ಎರಡೇ ಆದ್ದರಿಂದ 19.3ನ್ನು 200ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಾಕು: 0.31. ಸೊನ್ನೆ ಎಂದರೆ ಸಂಬಂಧವಿಲ್ಲ, ಒಂದು ಎಂದರೆ ಪೂರ್ಣ ಸಂಬಂಧ.

ಇಲ್ಲಿಯೇ ಹಲವರು ಎಡವುತ್ತಾರೆ. 100 ಮತ್ತು 100 ಎಂಬುದು ನಾವು ನಿಗದಿ ಮಾಡಿದ್ದು, ಊರು ಕೊಟ್ಟದ್ದಲ್ಲ. ಅದೇ ಪಾಲುಗಳಿದ್ದು, 160 ಹೊಳೆ ಮನೆ ಮತ್ತು 40 ಬೋರ್ ಮನೆ ಆರಿಸಿದ್ದರೆ 'ವಿ' 0.25ಕ್ಕೆ ಇಳಿಯುತ್ತಿತ್ತು. ಆದ್ದರಿಂದ ಗುಂಪುಗಳನ್ನು ಮೊದಲೇ ಬೇರೆ ಮಾಡಿ ಆರಿಸಿದಾಗ, ಬಂದ 'ವಿ'ಯನ್ನು ಇಡೀ ಊರಿನ ಗುಣವೆಂದು ಹೇಳಬಾರದು. ಊರಿನಲ್ಲಿ ಕಬ್ಬಿನವರು ಶೇಕಡಾ 38 ಎಂದೂ ಹೇಳಬಾರದು. ಅವೆರಡೂ ಬೇಕಿದ್ದರೆ ಚೀಟಿಯನ್ನು ಇಡೀ ಊರಿನ ಪಟ್ಟಿಯಿಂದಲೇ ಎತ್ತಬೇಕು.