ಸಾಸಿವೆ ಡಬ್ಬಿಯ ದುಡ್ಡು

ಮನೆಖರ್ಚಿಗೆಂದು ಕೊಟ್ಟ ಹಣದಲ್ಲಿ ಅಷ್ಟಿಷ್ಟು ಉಳಿಸಿ ಸಾಸಿವೆ ಡಬ್ಬಿಯಲ್ಲಿಡುವುದು ಕಳ್ಳತನವೇ? ನಮ್ಮಲ್ಲಿ ಎಷ್ಟೋ ಹೆಂಗಸರು ಇವತ್ತಿಗೂ ಅದನ್ನು 'ಕದ್ದಿಟ್ಟ ದುಡ್ಡು' ಎಂದೇ ಹೇಳುತ್ತಾರೆ, ಅರ್ಧ ನಗುತ್ತ, ಅರ್ಧ ಅಳುಕುತ್ತ. ದುಡ್ಡಿನ ವಿಚಾರ ತಿಳಿಯಲು ಯಾವ ಪುಸ್ತಕ ಓದಲಿ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಅಳುಕು. ಷೇರು, ಫಂಡು, ಬಡ್ಡಿ ಎಲ್ಲ ಆಮೇಲಿನ ಮಾತು. ತನ್ನದೆಂದು ಹೇಳಿಕೊಳ್ಳಲು ನಾಚುವವಳಿಗೆ ಬೆಳೆಸುವ ದಾರಿ ತೋರಿಸಿ ಏನು ಬಂತು?

ಅದಕ್ಕೇ ಮೊದಲು ಜಾರ್ಜ್ ಕ್ಲಾಸನ್ ಬರೆದ 'ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್' ಓದಲು ಹೇಳುತ್ತೇನೆ. 1926ರ ಪುಟ್ಟ ಪುಸ್ತಕ, ಅಜ್ಜಿ ಹೇಳುವಂಥ ಕಥೆಗಳು. ಹಳೆಗಾಲದ ಇಂಗ್ಲಿಷು ಸ್ವಲ್ಪ ತೊಡಕು, ಆದರೆ ಮಾತು ಒಂದೇ: ದುಡಿದದ್ದರಲ್ಲಿ ಹತ್ತನೆಯ ಒಂದು ಪಾಲು ನಿನ್ನದು, ಅದನ್ನು ಎಲ್ಲರಿಗಿಂತ ಮೊದಲು ತೆಗೆದಿಡು. ನಾವು ಕೊನೆಗೆ ಉಳಿದದ್ದನ್ನು ಇಡುತ್ತೇವೆ, ಅದೂ ಗುಟ್ಟಾಗಿ. 2016ರ ನವೆಂಬರಿನಲ್ಲಿ 500, 1000ದ ನೋಟು ರದ್ದಾದಾಗ ಎಷ್ಟೋ ಮನೆಗಳ ಗುಟ್ಟು ಅಡುಗೆಮನೆಯಿಂದ ಹೊರಬಂದು ಬ್ಯಾಂಕಿನ ಸಾಲಿನಲ್ಲಿ ನಿಂತಿತು. ಪಾಲು ತೆಗೆದಿಡುವುದು ತಪ್ಪಲ್ಲವಾದರೆ ಅದು ಹೇಳಿ ಇಡುವ ಹಣ, ಅವಳ ಹೆಸರಿನ ಖಾತೆಯಲ್ಲಿರಬೇಕಾದ ಹಣ.

ಒಂದು ಮಾತು ನೆನಪಿಡಬೇಕು. ಈ ಕಥೆಗಳು ಮೊದಲು ಬ್ಯಾಂಕುಗಳೂ ವಿಮಾ ಕಂಪನಿಗಳೂ ಜನರಿಗೆ ಹಂಚಿದ ಕಿರುಹೊತ್ತಿಗೆಗಳು. ಉಳಿಸು ಎನ್ನುವವನಿಗೂ ನಮ್ಮ ಉಳಿತಾಯದಲ್ಲಿ ಆಸೆ ಇರುತ್ತದೆ. ಆದ್ದರಿಂದಲೇ ಇಲ್ಲಿಗೆ ನಿಲ್ಲಬಾರದು.

ಎರಡನೆಯದು ಮೋನಿಕಾ ಹಾಲನ್ 2018ರಲ್ಲಿ ಬರೆದ 'ಲೆಟ್ಸ್ ಟಾಕ್ ಮನಿ'. ನಮ್ಮ ದೇಶದ್ದು, ನಮ್ಮ ಮನೆಗಳದ್ದು. ಸಂಬಳ ಬರುವ ಖಾತೆ, ಖರ್ಚಿನ ಖಾತೆ, ಹೂಡಿಕೆಯ ಖಾತೆ ಬೇರೆಬೇರೆ ಇರಲಿ ಎನ್ನುವುದರಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ತೆರಿಗೆಯ ನಿಯಮಗಳು ಆಮೇಲೆ ಬದಲಾಗಿವೆ, ಆ ಭಾಗವನ್ನು ನಂಬಿ ಕೂರುವಂತಿಲ್ಲ. ನನಗೆ ಮುಖ್ಯವೆನಿಸುವುದು ವಿಮೆಯನ್ನೂ ಉಳಿತಾಯವನ್ನೂ ಬೆರೆಸಬೇಡಿ ಎನ್ನುವ ಮಾತು.

ಇದನ್ನು ನಮ್ಮ ಮನೆಯ ಲೆಕ್ಕದಲ್ಲೇ ನೋಡೋಣ. ಗಂಡನ ಹೆಸರಿನಲ್ಲಿ ಒಂದು ಪಾಲಿಸಿ ಇದೆ ಅನ್ನಿ. ವರ್ಷಕ್ಕೆ 24,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ಕೊನೆಗೆ 8 ಲಕ್ಷ ಬರುತ್ತದೆ. ಕಟ್ಟಿದ್ದು 4 ಲಕ್ಷ 80 ಸಾವಿರ, ಬಂದದ್ದು 8 ಲಕ್ಷ. ಲಾಭವೇ ಅಲ್ಲವೇ ಎನಿಸುತ್ತದೆ. ಲೆಕ್ಕ ಬಿಡಿಸಿದರೆ ಅದು ವರ್ಷಕ್ಕೆ ಶೇಕಡಾ ಐದಕ್ಕೂ ಕಡಿಮೆ ಬಡ್ಡಿ. ಅದೇ ಹಣ ಶೇಕಡಾ ಏಳರಂತೆ ಬೆಳೆದಿದ್ದರೆ ಹತ್ತೂವರೆ ಲಕ್ಷ ಆಗುತ್ತಿತ್ತು. ಹೋಗಲಿ, ಬಡ್ಡಿಯ ಮಾತು ಬಿಡಿ. ಪಾಲಿಸಿಯ ಬಾಂಡು ತೆಗೆದು ವಿಮಾ ಮೊತ್ತ ಎಷ್ಟೆಂದು ನೋಡಿ. 5 ಲಕ್ಷ ಎಂದಿದ್ದು, ಮನೆಖರ್ಚು ತಿಂಗಳಿಗೆ 25,000 ಇದ್ದರೆ, ಅವರು ತೀರಿಕೊಂಡ ಮೇಲೆ ಆ ಹಣ ಬರುವುದು 20 ತಿಂಗಳಿಗೆ. ಆಮೇಲೆ?

ಅದಕ್ಕಾಗಿಯೇ ಇರುವುದು ಟರ್ಮ್ ವಿಮೆ. ಅವಧಿಯಲ್ಲಿ ಸತ್ತರೆ ದೊಡ್ಡ ಮೊತ್ತ, ಬದುಕಿ ಉಳಿದರೆ ಏನೂ ಇಲ್ಲ. "ಕಟ್ಟಿದ್ದು ಸುಮ್ಮನೆ ಹೋಯ್ತಲ್ಲ!" ಎನ್ನುತ್ತಾರೆ. ಗಂಡ ಬದುಕಿರುವುದನ್ನೇ ನಷ್ಟವೆಂದು ಬರೆದುಕೊಳ್ಳುವ ಲೆಕ್ಕ ಇದು! ಹಾಗೆಂದು ಹಳೆಯ ಪಾಲಿಸಿಯನ್ನು ಆತುರದಲ್ಲಿ ಮುರಿಸಬಾರದು. ಮೊದಲ ವರ್ಷಗಳಲ್ಲಿ ಮುರಿಸಿದರೆ ಕಟ್ಟಿದ್ದರಲ್ಲೂ ಬಹುಪಾಲು ಹೋಗುತ್ತದೆ. ಹೊಸ ವಿಮೆ ಕೈಗೆ ಬಂದ ಮೇಲೆ ಯೋಚಿಸುವುದು ಸರಿ. ಇನ್ನೊಂದು, ಗಂಡ ವಿಮೆ ಮಾಡಿಸುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳಿಗೇ ಸೇರುತ್ತದೆ, ಸಾಲಗಾರರು ಕೈಹಾಕುವಂತಿಲ್ಲ. ಕೇಳಿ ಬರೆಸಬೇಕು, ತಾನಾಗಿ ಆಗುವುದಿಲ್ಲ. ಗಂಡನ ಸಾವಿನ ಮಾತೆತ್ತುವುದು ಅಪಶಕುನ ಎಂದು ಹೆಣ್ಣು ಬಾಯಿ ಮುಚ್ಚಿಕೊಂಡದ್ದರಿಂದ ಯಾರ ಆಯುಷ್ಯವೂ ಹೆಚ್ಚಿದ್ದನ್ನು ನಾನು ಕಾಣೆ.

ಮಾರ್ಗನ್ ಹೌಸೆಲ್ ಅವರ 'ದಿ ಸೈಕಾಲಜಿ ಆಫ್ ಮನಿ' (2020) ಮೂರನೆಯದು. ಅದು ಎಷ್ಟು ಚೆನ್ನಾಗಿದೆಯೆಂದರೆ ಎಲ್ಲರೂ ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ. ಓದಿ ಮುಗಿಸಿದಾಗ ಮನಸ್ಸು ಹಗುರಾಗಿರುತ್ತದೆ, ವಿಮೆಯ ಬಾಂಡು ಮಾತ್ರ ಬೀರುವಿನಲ್ಲಿ ಹಾಗೇ ಇರುತ್ತದೆ. ರೊನಾಲ್ಡ್ ರೀಡ್ ಎಂಬ ಅಮೆರಿಕದ ಒಬ್ಬ ಜಾಡಮಾಲಿ 2014ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡಾಗ 80 ಲಕ್ಷ ಡಾಲರಿಗೂ ಹೆಚ್ಚು ಬಿಟ್ಟುಹೋದನೆಂಬ ಸಂಗತಿ ಅದರಲ್ಲಿ ಬರುತ್ತದೆ. ಅವನು ಸ್ವಲ್ಪಸ್ವಲ್ಪ ಷೇರು ಕೊಂಡು ಹತ್ತಾರು ವರ್ಷ ಮುಟ್ಟದೆ ಬಿಟ್ಟಿದ್ದ, ಅಷ್ಟೆ. ಹೆಚ್ಚಿನ ಪಾಲು ಊರಿನ ಆಸ್ಪತ್ರೆಗೂ ಗ್ರಂಥಾಲಯಕ್ಕೂ ಹೋಯಿತು. ಕೇಳಿದವರೆಲ್ಲ ಅವನ ಸಹನೆಯನ್ನು ಮೆಚ್ಚುತ್ತಾರೆ. ನನಗೋ ಬೇರೆ ಪ್ರಶ್ನೆ. ಹಾಗೆ ಮುಟ್ಟದೆ ಬಿಡಬೇಕಾದರೆ ಕಾಯಿಲೆ ಕಸಾಲೆಗೆ ಬೇರೆ ಹಣ ಇರಬೇಕು, ಇಷ್ಟು ಸಾಕು ಎಂದು ಗೊತ್ತಿರಬೇಕು. ಹೌಸೆಲ್ ಈ 'ಸಾಕು' ಎಂಬುದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಬಡಿಸುವಾಗ ಎಲ್ಲರಿಗೂ ಆದ ಮೇಲೆ ತಳದಲ್ಲಿ ಉಳಿದದ್ದಕ್ಕೆ ನನಗಿಷ್ಟೇ ಸಾಕು ಎನ್ನುತ್ತೇವಲ್ಲ, ಅದು ಈ ಸಾಕು ಅಲ್ಲ. ತನ್ನ ಪಾಲು ಇಂಥದ್ದೆಂದು ತಿಳಿದವಳು ಹೇಳುವ ಸಾಕು ಬೇರೆ. ಆ ಅಧ್ಯಾಯವನ್ನು ಮೊದಲೆರಡು ಪುಸ್ತಕ ಮುಗಿಸಿದ ಮೇಲೆ ಓದಿ ಎನ್ನುವುದು ಇದಕ್ಕೇ.