ಬೆರಗಾದ ನಾಯಿಯ ವ್ಯಾಕರಣ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಿಸಿ ಮಿರ್ಚಿ, ಗಿರ್ಮಿಟ್ ಮುಂದಿಟ್ಟುಕೊಂಡು ಯಾರಾದರೂ 'ಮಚ್ ಮಿರ್ಚಿ, ಸಚ್ ಖಾರ, ವಾವ್' ಅಂದರೆ ಜೊತೆಗಿದ್ದವರು ನಗುತ್ತಾರೆ. ಆ ಮಾತು ಯಾವ ನಾಯಿಯದೆಂಬುದು ಅವರಿಗೆ ಗೊತ್ತಿರುತ್ತದೆ.

ನಾಯಿಯ ಹೆಸರು ಕಾಬೋಸು. ಜಪಾನಿನ ಶಿಬಾ ಇನು ತಳಿ. ಮರಿ ಮಾರುವ ಕೇಂದ್ರವೊಂದು ಮುಚ್ಚಿದಾಗ ದಿಕ್ಕಿಲ್ಲದಾಗಿದ್ದ ಅದನ್ನು 2008ರಲ್ಲಿ ಸಕುರಾ ಊರಿನ ಶಿಶುವಿಹಾರದ ಶಿಕ್ಷಕಿ ಅತ್ಸುಕೊ ಸಾತೋ ಮನೆಗೆ ತಂದರು. 2010ರ ಫೆಬ್ರುವರಿಯಲ್ಲಿ ಅವರು ತೆಗೆದ ಒಂದು ಚಿತ್ರದಲ್ಲಿ ಅದು ಮುಂಗಾಲು ಒಂದರ ಮೇಲೊಂದಿಟ್ಟು, ಹುಬ್ಬೇರಿಸಿ, ಓರೆಗಣ್ಣಿನಿಂದ ನೋಡುತ್ತದೆ. 2013ರ ಹೊತ್ತಿಗೆ ಆ ಮುಖದ ಸುತ್ತ ಬಣ್ಣಬಣ್ಣದ ಕಾಮಿಕ್ ಸಾನ್ಸ್ ಅಕ್ಷರಗಳಲ್ಲಿ ಎರಡೆರಡು ಪದದ ತುಣುಕುಗಳು ಚೆಲ್ಲಿದ್ದವು. ಡೋಜ್ ಹುಟ್ಟಿದ್ದು ಹೀಗೆ.

ನನ್ನನ್ನು ಬೆರಗಾಗಿಸುವುದು ಆ ತಪ್ಪಿನ ಶಿಸ್ತು. ಭಾಷಾವಿಜ್ಞಾನಿ ಗ್ರೆಚೆನ್ ಮೆಕಲಕ್ 2014ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಸೋ, ಸಚ್, ಮಚ್, ಮೆನಿ, ವೆರಿ ಎಂಬ ಐದರಲ್ಲಿ ಒಂದನ್ನು ಆರಿಸಿ, ಅದು ಎಂದೂ ಕೂಡದ ಪದದ ಜೊತೆಗೇ ಕೂಡಿಸಬೇಕು. 'ವೆರಿ ಹ್ಯಾಪಿ' ಅಂದರೆ ಸರಿಯಾದ ಇಂಗ್ಲಿಷ್ ಆಗಿಬಿಡುತ್ತದೆ, ನಾಯಿ ಮಾಯವಾಗುತ್ತದೆ. 'ಮಚ್ ಹ್ಯಾಪಿ' ಅಂದರೆ ಮರಳಿ ಬರುತ್ತದೆ. ಕ್ರಿಯಾಪದವಾದರೆ ಪ್ರತ್ಯಯ ಕಳಚಬೇಕು: 'ಮೆನಿ ಎಕ್ಸೈಟ್'. ಬರಿ ಕಾಗುಣಿತ ಕೆಡಿಸಿದರೆ ಈ ದನಿ ಬರುವುದಿಲ್ಲ. ಸರಿ ಯಾವುದೆಂದು ಗೊತ್ತಿದ್ದವರಿಗೇ ಇಂಥ ತಪ್ಪು ಮಾಡಲು ಬರುತ್ತದೆ.

ಇದನ್ನು ನಮ್ಮ ಕಡೆಯ ಮಾತಿಗೆ ತಂದು ನೋಡೋಣ. ಕನ್ನಡದಲ್ಲಿ ಒಡೆಯಬೇಕಾದ ಜಾಗ ಬೇರೆ. 'ಭಾಳ ಮಿರ್ಚಿ' ಅಂದರೆ ಏನೂ ಆಗುವುದಿಲ್ಲ, ಅದು ಸರಿಯೇ. ಆದರೆ ಇಬ್ಬರು, ಮೂವರು ಎಂಬ ಎಣಿಕೆ ನಮ್ಮಲ್ಲಿ ಮನುಷ್ಯರಿಗೆ ಮೀಸಲು. 'ಮೂವರು ಮಿರ್ಚಿ' ಅಂದು ನೋಡಿ, ಮಿರ್ಚಿಗಳು ಪಂಕ್ತಿಯಲ್ಲಿ ಕುಳಿತ ಬೀಗರಾಗುತ್ತವೆ! 'ಕುಣೀತೀನಿ' ಎಂಬುದರ ಬಾಲ ಕತ್ತರಿಸಿ 'ಭಾಳ ಕುಣಿ' ಅನ್ನಿ. ಅಪ್ಪಣೆಯಂತೆ ಕೇಳಿಸಿದರೂ, ಹೇಳುವವರು ಯಾರು, ಯಾವಾಗ ಕುಣಿದರು ಎಂಬುದೆಲ್ಲ ಬಿದ್ದುಹೋಗಿ ಸಂತೋಷವೊಂದೇ ಉಳಿಯುತ್ತದೆ.

ಹರಕು ಇಂಗ್ಲಿಷಿನ ನಗೆ ನಮ್ಮ ನಾಟಕ, ಸಿನಿಮಾಗಳಿಗೆ ಹೊಸದಲ್ಲ. ಅಲ್ಲಿ ಬಹುಪಾಲು ನಗುವುದು ಕಲಿಯಲಾಗದವನನ್ನು ನೋಡಿ, ಅದು ನನಗೆ ನೋವಿನ ಸಂಗತಿ. ಡೋಜ್‌ನಲ್ಲಿ ಆ ಚುಚ್ಚು ಇಲ್ಲ. ನಾಯಿ ಯಾರ ಮುಂದೆಯೂ ಇಂಗ್ಲಿಷ್ ಬರುತ್ತದೆಂದು ತೋರಿಸಿಕೊಳ್ಳುತ್ತಿಲ್ಲ. ಅದು ತನ್ನೊಳಗೇ ಆಡಿಕೊಳ್ಳುತ್ತಿದೆ, ಕಂಡದ್ದಕ್ಕೆಲ್ಲ ಬೆರಗಾಗುತ್ತಿದೆ. ವಾಕ್ಯ ಪೂರ್ತಿಯಾಗುವಷ್ಟು ಪುರುಸೊತ್ತು ಅದಕ್ಕಿಲ್ಲ.

ಕಾಬೋಸು 2024ರ ಮೇ 24ರಂದು ತೀರಿಕೊಂಡಿತು. ಅದರ ಬಾಯಲ್ಲಿಟ್ಟ ವ್ಯಾಕರಣ ಮಾತ್ರ ದುರ್ಗದಬೈಲಿನ ಮಿರ್ಚಿಗೂ ಹೊಂದುತ್ತದೆ.